ರಸ್ತೆ ಅರ್ಜಿಯ ಕರಡು: ಓದಿ ಬರೆದ ತಿದ್ದುಪಡಿ

ಶ್ರೀಧರ,

ನೀನು ಕೊಟ್ಟುಹೋದ ಅರ್ಜಿಯನ್ನು ನಿಧಾನವಾಗಿ ಓದಿದೆ. ಸಿಟ್ಟು ಸರಿಯಾದದ್ದೇ, ಆ ರಸ್ತೆಯಲ್ಲಿ ದಿನಾ ಓಡಾಡುವವ ನಾನೂ. ಆದರೆ ಸರಕಾರಿ ಕಚೇರಿಯ ಟಪಾಲು ಮೇಜಿನಲ್ಲಿ ಕೂತು ನಿವೃತ್ತನಾದವನ ಮಾತು ಕೇಳು: ಇದನ್ನು ಇದ್ದ ಹಾಗೇ ಪುರಸಭೆಗೆ ಕೊಟ್ಟರೆ 'ಪರಿಶೀಲಿಸಲಾಗುವುದು' ಎಂದು ಷರಾ ಬರೆದು ಕಡತಕ್ಕೆ ಸೇರಿಸುವುದು ಬಹಳ ಸುಲಭ. ಎರಡು ಪುಟ ಓದಿದ ಮೇಲೂ ಇಂಜಿನಿಯರರಿಗೆ ಎಲ್ಲಿಗೆ ಹೋಗಿ ಏನು ನೋಡಬೇಕು ಎಂಬುದು ಸಿಗುವುದಿಲ್ಲ.

ವಿಷಯದ ಸಾಲಿನಿಂದಲೇ ಶುರು ಮಾಡೋಣ. 'ರಸ್ತೆ ಅವ್ಯವಸ್ಥೆಯ ಕುರಿತು' ಅಂತ ಬರೆದಿದ್ದೀ. ಅಂಥ ಅರ್ಜಿ ಮಳೆಗಾಲದಲ್ಲಿ ಕಟ್ಟುಗಟ್ಟಲೆ ಬರುತ್ತದೆ. 'ವಾರ್ಡ್ 11ರ ಶಾಲೆ ರಸ್ತೆ, ಪ್ರಾಥಮಿಕ ಶಾಲೆಯ ಗೇಟಿನಿಂದ ಮೀನು ಮಾರುಕಟ್ಟೆಯವರೆಗೆ ಅಂದಾಜು 240 ಮೀಟರ್, ಹೊಂಡ ಮುಚ್ಚುವುದು ಮತ್ತು ಗಟಾರ ಸ್ವಚ್ಛ ಮಾಡಿಸುವುದು' ಎಂದು ಹಾಕು. ಸಾಲು ಉದ್ದವಾದರೆ ಆಗಲಿ.

ಇಲ್ಲೊಂದು ತೊಡಕಿದೆ. ನೀನು ರಸ್ತೆಯನ್ನು ಹೆದ್ದಾರಿಯ ಕೂಟದಿಂದ ಶುರು ಮಾಡಿದ್ದೀ. ಕೂಟದ ಹತ್ತಿರದ ಆ ತುಂಡು ರಾಷ್ಟ್ರೀಯ ಹೆದ್ದಾರಿ 66ರ ಹದ್ದಿನೊಳಗೆ ಬರುವ ಸಂಭವವೇ ಹೆಚ್ಚು. ಅದನ್ನೂ ಇದರಲ್ಲೇ ಸೇರಿಸಿದರೆ 'ಸದರಿ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಒಂದೇ ಸಾಲಿನಲ್ಲಿ ಇಡೀ ಅರ್ಜಿ ವಾಪಸಾದೀತು. ಆ ತುಂಡಿಗೆ ಹೆದ್ದಾರಿಯವರಿಗೇ ಬೇರೆ ಅರ್ಜಿ ಬರೆ. ಇದರಲ್ಲಿ ಪುರಸಭೆಯದೇ ಎಂದು ತಕರಾರಿಲ್ಲದ ಭಾಗ ಮಾತ್ರ ಇರಲಿ.

'ದಿನಾ ಹತ್ತಾರು ಜನ ಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದಾರೆ' ಎಂಬ ವಾಕ್ಯ ತೆಗೆ. ಅದು ನಿಜವಲ್ಲ, ಓದಿದವರಿಗೂ ಗೊತ್ತಾಗುತ್ತದೆ, ಆಮೇಲೆ ನಿಜವಾದ ಮಾತನ್ನೂ ಅವರು ಅನುಮಾನದಿಂದಲೇ ಓದುತ್ತಾರೆ. ಜುಲೈ 2ರ ಬೆಳಿಗ್ಗೆ ಮೀನು ಬುಟ್ಟಿ ಹೊತ್ತು ಬರುತ್ತಿದ್ದ ಆ ಹೆಂಗಸು ನೀರು ತುಂಬಿದ ಹೊಂಡ ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡಳಲ್ಲ, ಅದನ್ನು ಬರೆ. ತಾಲೂಕು ಆಸ್ಪತ್ರೆಯ ಚೀಟಿಯ ನಕಲನ್ನು ಅವಳನ್ನು ಕೇಳಿಯೇ ಲಗತ್ತಿಸು, ಕೊಡಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ದಿನಾಂಕ, ಜಾಗ, ಏನಾಯಿತು, ಇಷ್ಟೇ ಸಾಕು.

ಫೋಟೋ ಹನ್ನೆರಡು ಇಟ್ಟಿದ್ದೀ. ಒಂಬತ್ತರಲ್ಲಿ ಕೆಸರು ನೀರು ಬಿಟ್ಟು ಏನೂ ಕಾಣುವುದಿಲ್ಲ, ಯಾವ ಊರಿನ ಹೊಂಡವೂ ಹಾಗೇ ಇರುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಮತ್ತೆ ತೆಗೆ. ಹೊಂಡದೊಳಗೆ ಒಂದು ಕೋಲು ನಿಲ್ಲಿಸಿ ಟೇಪು ಹಿಡಿದು ತೆಗೆದರೆ ಆಳ ಕಾಣುತ್ತದೆ. ಹಿಂದೆ ಶಾಲೆಯ ಗೇಟೋ ಹೆಸ್ಕಾಂ ಕಂಬವೋ ಬರಲಿ. ಪ್ರತಿ ಫೋಟೋದ ಕೆಳಗೆ ತೆಗೆದ ದಿನಾಂಕ, ಜಾಗ ಬರೆ. ಐದು ಒಳ್ಳೆಯವಿದ್ದರೆ ಸಾಕು. ಗಟಾರದ್ದೊಂದು ಇರಲೇಬೇಕು, ಅದು ನಿನ್ನ ಕರಡಿನಲ್ಲಿ ಎಲ್ಲೂ ಇಲ್ಲ. ನನ್ನ ಕಣ್ಣಿಗೆ ರಸ್ತೆ ಹಾಳಾಗಲು ಮೂಲ ಅದೇ. ಶಾಲೆಯ ಮುಂದಿನ ಮೋರಿ ಮಣ್ಣು ತುಂಬಿ ಕಟ್ಟಿದೆ, ನೀರು ಗಟಾರ ಬಿಟ್ಟು ಡಾಂಬರಿನ ಮೇಲೇ ಹರಿಯುತ್ತದೆ. ಅಂಚಿನಿಂದ ನೀರು ಒಳಗಿಳಿದರೆ ಅಡಿಯ ಜಲ್ಲಿ ಸಡಿಲವಾಗಿ ಡಾಂಬರು ಕಿತ್ತು ಬರುತ್ತದೆ. ಮೋರಿ ಬಿಡಿಸದೆ ಹೊಸ ಡಾಂಬರು ಹಾಕಿಸಿದರೆ ಮುಂದಿನ ವರ್ಷ ಇದೇ ಅರ್ಜಿ ಮತ್ತೆ ಬರೆಯಬೇಕು.

ಬೇಡಿಕೆಯನ್ನೂ ಎರಡು ಮಾಡು. 'ಕೂಡಲೇ ಡಾಂಬರೀಕರಣ ಮಾಡಬೇಕು' ಎಂದು ಜುಲೈಯಲ್ಲಿ ಕೇಳಿದರೆ 'ಮಳೆಗಾಲದ ನಂತರ' ಎಂದು ಉತ್ತರ ಬರುತ್ತದೆ, ಅದು ತಪ್ಪು ಉತ್ತರವೂ ಅಲ್ಲ. ಈಗ ಆಗಬಹುದಾದ್ದನ್ನು ಈಗ ಕೇಳು, ಉಳಿದದ್ದಕ್ಕೆ ಅಂದಾಜು ಪಟ್ಟಿ ಕೇಳು.

ಇನ್ನು ಧಾಟಿ. ಮೊದಲ ಪ್ಯಾರಾದಲ್ಲಿ 'ದಯಾಮಯರಾದ ತಮ್ಮ ಪಾದಾರವಿಂದಗಳಿಗೆ', ಮೂರನೆಯದರಲ್ಲಿ 'ಕಮಿಷನ್ ತಿಂದು ಕಣ್ಣುಮುಚ್ಚಿ ಕೂತ ಅಧಿಕಾರಿಗಳು'! ಎರಡೂ ಬೇಡ. 'ಮಾನ್ಯರೇ', 'ತಾವು' ಸಾಕು. ಕಮಿಷನ್ನಿನ ಮಾತಿಗೆ ನಿನ್ನ ಹತ್ತಿರ ದಾಖಲೆ ಇಲ್ಲ. ಅನುಮಾನವಿದ್ದರೆ ಮಾಹಿತಿ ಹಕ್ಕಿನಡಿ ಬೇರೆ ಅರ್ಜಿ ಹಾಕಿ ಕಾಮಗಾರಿಯ ಆದೇಶ, ಅಳತೆ ಪುಸ್ತಕದ ನಕಲು, ಗುತ್ತಿಗೆದಾರರ ನಿರ್ವಹಣೆಯ ಅವಧಿ ಕೇಳು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಉಗ್ರ ಹೋರಾಟ', 'ಪರಿಣಾಮ ನೆಟ್ಟಗಿರುವುದಿಲ್ಲ' ಇವನ್ನೂ ಹೊಡೆದುಹಾಕಿದ್ದೇನೆ. ಮೊದಲನೇ ಅರ್ಜಿಯಲ್ಲೇ ಬೆದರಿಸಿದರೆ ಎರಡನೇ ಅರ್ಜಿಯಲ್ಲಿ ಬರೆಯಲು ಏನುಳಿಯಿತು?

ನಡುವಿನ ಭಾಗವನ್ನು ಹೀಗೆ ತಿದ್ದಿದ್ದೇನೆ:

'ಮಾನ್ಯರೇ,

ಮೇಲಿನ ರಸ್ತೆಯ 240 ಮೀಟರ್ ಉದ್ದದಲ್ಲಿ ಒಟ್ಟು 14 ಹೊಂಡಗಳಿದ್ದು, ಶಾಲೆಯ ಗೇಟಿನೆದುರಿನದು ಸುಮಾರು 2 ಮೀಟರ್ ಅಗಲ, 20 ಸೆಂಟಿಮೀಟರ್ ಆಳವಿದೆ (ಫೋಟೋ 1). ಪಕ್ಕದ ಮೋರಿಯಲ್ಲಿ ಮಣ್ಣು ತುಂಬಿರುವುದರಿಂದ ಮಳೆನೀರು ರಸ್ತೆಯ ಮೇಲೆ ಹರಿಯುತ್ತಿದೆ (ಫೋಟೋ 4). ಜುಲೈ 2ರಂದು ಬೆಳಿಗ್ಗೆ ಮೀನು ಮಾರುವ ಮಹಿಳೆಯೊಬ್ಬರು ಇಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಶಾಲೆಯ ಮಕ್ಕಳು ಇದೇ ದಾರಿಯಲ್ಲಿ ಓಡಾಡುತ್ತಾರೆ.

ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 87ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆಗಳ ನಿರ್ವಹಣೆ ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿದೆ. ಆದ್ದರಿಂದ ತಾವು ದಯವಿಟ್ಟು ಸ್ಥಳ ಪರಿಶೀಲನೆ ಮಾಡಿಸಿ, ಮೋರಿಯ ಮಣ್ಣು ತೆಗೆಸಿ, ಹೊಂಡಗಳಿಗೆ ತಾತ್ಕಾಲಿಕವಾಗಿ ಜಲ್ಲಿಪುಡಿ ಹಾಕಿಸಬೇಕಾಗಿ, ಹಾಗೂ ಮಳೆಗಾಲ ಮುಗಿದ ಮೇಲೆ ಡಾಂಬರೀಕರಣಕ್ಕೆ ಅಂದಾಜು ಪಟ್ಟಿ ತಯಾರಿಸಬೇಕಾಗಿ ವಿನಂತಿ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ. ಪರಿಶೀಲನೆಗೆ ಬರುವ ದಿನ ತಿಳಿಸಿದರೆ ನಮ್ಮಲ್ಲಿ ಇಬ್ಬರು ಸ್ಥಳದಲ್ಲಿದ್ದು ತೋರಿಸುತ್ತೇವೆ.'

ಹೊಂಡದ ಲೆಕ್ಕ ನಿನ್ನದೇ, ಕೊಡುವ ಮುಂಚೆ ಇನ್ನೊಮ್ಮೆ ಎಣಿಸಿಬಿಡು. ಕಾಯ್ದೆಯ ಹೆಸರು ಒಂದು ಸಲ ಬಂದರೆ ಸಾಕು. ನೀನು ಸಂವಿಧಾನದವರೆಗೂ ಹೋಗಿದ್ದೆ, ಹೊಂಡ ಮುಚ್ಚಿಸಲು ಅಷ್ಟು ದೂರ ಹೋಗಬೇಕಿಲ್ಲ.

ಸಹಿಯ ಹಾಳೆ ನೋಡಿದೆ. ಎರಡನೇ ಹಾಳೆಯ ಮೇಲೆ ವಿಷಯವೇ ಇಲ್ಲ, ಯಾವ ಅರ್ಜಿಗೆ ಬೇಕಾದರೂ ಅಂಟಿಸಬಹುದು ಎನ್ನುವಂತಿದೆ. ಪ್ರತಿ ಹಾಳೆಯ ತಲೆಗೂ ವಿಷಯ, ಪುಟ ಸಂಖ್ಯೆ ಹಾಕು. ಮೂಲೆಮನೆಯವರ ಐದು ಸಹಿಯೂ ಒಂದೇ ಕೈಬರಹದಲ್ಲಿವೆ. ಅಜ್ಜಿಯ ಹೆಬ್ಬೆಟ್ಟು ಅಜ್ಜಿಯೇ ಒತ್ತಲಿ, ಬೇರೆಯವರು ಅವಳ ಸಹಿ ಹಾಕುವುದಲ್ಲ. ಹೆಸರು, ಮನೆ ನಂಬರು ಸಾಕು. ಎಲ್ಲರ ಆಧಾರ್, ಫೋನು ಬೇಡ, ಸಂಪರ್ಕಕ್ಕೆ ನಿನ್ನದೊಂದೇ ಇರಲಿ.

ಅರ್ಜಿ ಮುಖ್ಯಾಧಿಕಾರಿಯವರ ಹೆಸರಿಗಲ್ಲ, ಹುದ್ದೆಗೆ ಹೋಗಲಿ. ಅಧಿಕಾರಿ ವರ್ಗವಾದರೂ ಕಾಗದ ಅಲ್ಲೇ ಇರುತ್ತದೆ. ಎರಡು ಪ್ರತಿ ಒಯ್ದು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಟಪಾಲು ನಂಬರು ಹಾಕಿಸಿಕೊಂಡೇ ಬಾ. 'ಇಟ್ಟು ಹೋಗಿ' ಅಂದರೆ ಸುಮ್ಮನೆ ನಿಂತುಕೋ, ವಾದ ಬೇಡ. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡು, ಇಲ್ಲದಿದ್ದರೆ ತಮ್ಮನ್ನು ಬಿಟ್ಟು ಮಾಡಿದರೆಂದು ಅವರಿಗೆ ಬೇಜಾರು. ಕಾರವಾರದ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಈಗಲೇ ಕಳಿಸಬೇಡ. ಮೂರು ವಾರ ಬಿಟ್ಟು, ಟಪಾಲು ನಂಬರು ಉಲ್ಲೇಖಿಸಿ ಇಲ್ಲಿಗೇ ಒಂದು ಜ್ಞಾಪನ ಕೊಟ್ಟು, ಆಗಲೂ ಉತ್ತರ ಬಾರದಿದ್ದರೆ ಎರಡರ ನಕಲನ್ನೂ ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸೋಣ. ಆ ಜ್ಞಾಪನ ನಾನೇ ಬರೆದುಕೊಡುತ್ತೇನೆ.

ನಿನ್ನ ದೊಡ್ಡಪ್ಪ