ವಿಷಯ: ನಾಲ್ಕು ಸಲ ವರ್ಕ್‌ಶಾಪಿಗೆ ಬಿಟ್ರೂ ಬಿಸಿಯಾದಾಗ ಆಫ್ ಆಗ್ತಿರೋ ಸ್ಕೂಟರ್

ಭದ್ರಾವತಿ
2 ಸೆಪ್ಟೆಂಬರ್ 2025

ಸರ್ವಿಸ್ ಮ್ಯಾನೇಜರ್ ಸರ್, ನಮಸ್ಕಾರ,

ಮೂರು ಸಲ ಫೋನ್ ಮಾಡ್ದೆ, ಮೂರು ಸಲನೂ "ಸಾರ್ ಮೀಟಿಂಗಲ್ಲಿದಾರೆ" ಅಂದ್ರು, ಅದಕ್ಕೇ ಬರೀತಿದೀನಿ. ನಂದು ಬೂದು ಬಣ್ಣದ 125 ಸಿಸಿ ಸ್ಕೂಟರ್, ನಂಬರ್ ಕೊನೇಲಿ 4471, ನಿಮ್ಮ ಶೋರೂಮಲ್ಲೇ ಹೋದ ನವೆಂಬರಲ್ಲಿ ತಗೊಂಡಿದ್ದು. 9,300 ಕಿಮೀ ಓಡಿದೆ, ವಾರಂಟಿ ಇದೆ, ಒಂದು ಸರ್ವಿಸೂ ತಪ್ಪಿಸಿಲ್ಲ, ಎಲ್ಲಾ ನಿಮ್ಮಲ್ಲೇ ಮಾಡ್ಸಿರೋದು.

ಕಂಪ್ಲೇಂಟ್ ಇರೋದು ಒಂದೇ. ಇಂಜಿನ್ ಬಿಸಿ ಆದ್ಮೇಲೆ ಆಫ್ ಆಗುತ್ತೆ. ದಿನಾ ಕೆಲಸಕ್ಕೆ ಶಿವಮೊಗ್ಗಕ್ಕೆ ಬರ್ತೀನಿ, ಮಾಚೇನಹಳ್ಳಿ ದಾಟೋವರೆಗೆ ಬೆಣ್ಣೆ ಥರ ಓಡುತ್ತೆ, ವಿದ್ಯಾನಗರದ ಟ್ರಾಫಿಕಲ್ಲಿ ಸ್ಲೋ ಆಗ್ತಿದ್ದ ಹಾಗೆ ಪಟ್ ಅಂತ ನಿಂತುಬಿಡುತ್ತೆ, ಜರ್ಕ್ ಇಲ್ಲ ಮಿಸ್ಸಿಂಗ್ ಇಲ್ಲ, ಯಾರೋ ಕೀ ಆಫ್ ಮಾಡ್ದಂಗೆ. ಆಮೇಲೆ ಸೆಲ್ಫ್ ಒತ್ತಿದ್ರೆ ಮೋಟಾರ್ ಜೋರಾಗೇ ತಿರುಗುತ್ತೆ, ಲೈಟು ಹಾರ್ನು ಎಲ್ಲಾ ಸರಿ, ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪಿನ ಸುಂಯ್ ಅನ್ನೋ ಸೌಂಡೂ ಬರುತ್ತೆ, ಆದ್ರೆ ಇಂಜಿನ್ ಮಾತ್ರ ಹತ್ಕೊಳಲ್ಲ. ಹದಿನೈದು ನಿಮಿಷ ಸುಮ್ನೆ ನಿಲ್ಸಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್. ವಾರಕ್ಕೆ ಎರಡ್ಮೂರು ಸಲ ಇದೇ ಕಥೆ.

ಜೂನ್ 12ಕ್ಕೆ ತಂದೆ, ಪ್ಲಗ್ ಹಾಕಿ ಕಳ್ಸಿದ್ರಿ. ಜೂನ್ 30ಕ್ಕೆ ಮತ್ತೆ ತಂದೆ, "ಪೆಟ್ರೋಲ್ ಕಚಡಾ ಮೇಡಂ, ಬಂಕ್ ಚೇಂಜ್ ಮಾಡಿ" ಅಂದು ಥ್ರಾಟಲ್ ಬಾಡಿ ಕ್ಲೀನಿಂಗ್ ಅಂತ 650 ರೂಪಾಯಿ ತಗೊಂಡ್ರಿ. ಬಂಕೂ ಚೇಂಜ್ ಮಾಡ್ದೆ. ಜುಲೈ 24ಕ್ಕೆ ಬ್ಯಾಟರಿ ವೀಕು ಅಂತ ದಿನವಿಡೀ ಚಾರ್ಜಿಗೆ ಹಾಕಿದ್ರಿ, ಸೆಲ್ಫ್ ಅಷ್ಟು ಚೆನ್ನಾಗಿ ತಿರುಗ್ತಿದ್ರೆ ಬ್ಯಾಟರಿ ಹೆಂಗೆ ವೀಕು ಅಂತ ಕೇಳಿದ್ದಕ್ಕೆ ಅಡ್ವೈಸರ್ ನಕ್ಕು ಸುಮ್ನಾದ್ರು.

ನಾಲ್ಕನೇ ಸಲದ್ದೇ ನಂಗೆ ನುಂಗೋಕಾಗ್ದೆ ಇರೋದು. ಆಗಸ್ಟ್ 19ಕ್ಕೆ ಬಿಟ್ಟೆ, ಎರಡು ದಿನ ಇಟ್ಕೊಂಡ್ರಿ, "ಲಾಂಗ್ ಟೆಸ್ಟ್ ರೈಡ್ ಮಾಡಿದೀವಿ, ನೋ ಪ್ರಾಬ್ಲಂ" ಅಂತ ಜಾಬ್ ಕಾರ್ಡಲ್ಲಿ ಬರೆದ್ರಿ. ಬಿಡುವಾಗ ಮೀಟರ್ ಫೋಟೋ ತೆಗೆದಿದ್ದೆ, 8,912 ಇತ್ತು. ವಾಪಸ್ ಕೊಟ್ಟಾಗ 8,914. ಎರಡೇ ಕಿಲೋಮೀಟರ್ ಸರ್! ಹದಿನೈದು ಕಿಮೀ ಓಡಿ ಬಿಸಿ ಆದ್ಮೇಲೆ ಬರೋ ಪ್ರಾಬ್ಲಂ ಎರಡು ಕಿಮೀಲಿ ಹೆಂಗೆ ಕಾಣುತ್ತೆ? ಗಾಡಿನ ಮಾತ್ರ ಫಳಫಳ ಅಂತ ತೊಳೆದಿದ್ರಿ, ಅದಕ್ಕೆ ಬೇಡ ಅನ್ನಲ್ಲ.

ಅದಾದ್ಮೇಲೆ ಗೌರಿ ಹಬ್ಬದ ದಿನ ತುಂಗಾ ಸೇತುವೆ ಮೇಲೇ ನಿಂತೋಯ್ತು, ಹಿಂದ್ಗಡೆ ಅಮ್ಮ ಮಡಿಲಲ್ಲಿ ಹೂವಿನ ಕವರ್ ಇಟ್ಕೊಂಡು ಕೂತಿದ್ರು, ಹಿಂದಿಂದ ಬಸ್ಸಿನವನು ಹಾರ್ನ್ ಬಿಡ್ತಾನೇ ಇಲ್ಲ, ಅರವತ್ತೆಂಟು ವರ್ಷದವರು ಇಳಿದು ಮಳೇಲಿ ನಡ್ಕೊಂಡು ಸೇತುವೆ ದಾಟಿದ್ರು, ನಾನು ಗಾಡಿ ತಳ್ಕೊಂಡು ಹಿಂದೆ. ಲಾರಿ ಬಂದು ಗುದ್ದಿದ್ರೆ ಅದನ್ನೂ ನೋ ಪ್ರಾಬ್ಲಂ ಅಂತಾನೇ ಬರೀತಿದ್ರಾ?

ನಮ್ಮ ಬೀದಿ ಮೆಕ್ಯಾನಿಕ್ಕು ಗಾಡಿ ನಿಂತಿದ್ದಾಗಲೇ ಪ್ಲಗ್ ಬಿಚ್ಚಿ ನೋಡಿದ್ರು, ಸ್ಪಾರ್ಕೇ ಬರ್ತಿರ್ಲಿಲ್ಲ, ತಣ್ಣಗಾದ್ಮೇಲೆ ಬಂತು. ಪಲ್ಸರ್ ಕಾಯಿಲ್ಲೋ ಇಗ್ನಿಷನ್ ಕಾಯಿಲ್ಲೋ ಬಿಸಿಗೆ ಓಪನ್ ಆಗ್ತಿರಬೇಕು ಅಂದ್ರು. ವಾರಂಟಿ ಹೋಗುತ್ತೆ ಅಂತ ಅದಕ್ಕಿಂತ ಜಾಸ್ತಿ ಕೈ ಹಾಕ್ಸಿಲ್ಲ. ನಂಗೆ ಗಾಡಿ ಬಗ್ಗೆ ಅಷ್ಟೇನೂ ಗೊತ್ತಿಲ್ಲ, ಆದ್ರೆ ಅವರು ಹತ್ತು ನಿಮಿಷದಲ್ಲಿ ನೋಡಿದ್ದನ್ನ ನಿಮ್ಮವರು ಎರಡೂವರೆ ತಿಂಗಳಾದ್ರೂ ನೋಡಿಲ್ಲ.

ಈ ಶನಿವಾರ 6ನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಭದ್ರಾವತಿಯಿಂದ ಓಡ್ಸಿಕೊಂಡು ಸೀದಾ ನಿಮ್ಮ ಗೇಟಿಗೆ ಬರ್ತೀನಿ. ನಿಮ್ಮ ಸೀನಿಯರ್ ಟೆಕ್ನಿಷಿಯನ್ ಒಬ್ಬರು ಸ್ಪಾರ್ಕ್ ಟೆಸ್ಟರ್ ಮತ್ತೆ ಸ್ಕ್ಯಾನರ್ ಇಟ್ಕೊಂಡು ರೆಡಿ ಇರಲಿ, ಬಿಸಿ ಗಾಡೀಲೇ ಹತ್ತಿಕೊಂಡು ಟ್ರಾಫಿಕಲ್ಲಿ ಓಡಿಸಲಿ, ನಿಲ್ಲೋವರೆಗೂ ಓಡಿಸಲಿ, ನಿಂತಾಗ ಚೆಕ್ ಮಾಡ್ಲಿ. ಪೆಟ್ರೋಲ್ ನಾನೇ ಹಾಕ್ಸಿರ್ತೀನಿ. ಯಾವ ಪಾರ್ಟ್ ಹೋಗಿದ್ಯೋ ವಾರಂಟೀಲಿ ಹಾಕಿ, ಆ 650 ವಾಪಸ್ ಕೊಡಿ, ಗಾಡಿ ಇಟ್ಕೊಳೋದಾದ್ರೆ ಓಡಾಡೋಕೆ ಬೇರೆ ಗಾಡಿ ಕೊಡಿ. ಜಾಬ್ ಕಾರ್ಡಲ್ಲಿ ನಾನು ಹೇಳಿದ ಹಾಗೇ ಕಂಪ್ಲೇಂಟ್ ಬರೀಬೇಕು, "ಸ್ಟಾರ್ಟಿಂಗ್ ಪ್ರಾಬ್ಲಂ" ಅಂತ ಎರಡು ಪದದಲ್ಲಿ ಮುಗಿಸ್ಬೇಡಿ.

ಸೆಪ್ಟೆಂಬರ್ 15ರೊಳಗೆ ಸರಿ ಆಗ್ಲಿಲ್ಲ ಅಂದ್ರೆ ಕಂಪನಿ ಕಸ್ಟಮರ್ ಕೇರಿಗೆ ಬರೀತೀನಿ, 1915ಗೆ ಫೋನ್ ಮಾಡಿ ಕಂಪ್ಲೇಂಟ್ ಹಾಕ್ತೀನಿ, ಅದಕ್ಕೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಐದು ಲಕ್ಷದೊಳಗಿನದಕ್ಕೆ ಅಲ್ಲಿ ಫೀಸೂ ಇಲ್ಲ. ಅಷ್ಟು ದೂರ ಹೋಗೋಕೆ ನಂಗೂ ಟೈಮಿಲ್ಲ ಸರ್.

ನಾಲ್ಕೂ ಜಾಬ್ ಕಾರ್ಡು, ಬಿಲ್ಲು, ಎರಡು ಮೀಟರ್ ಫೋಟೋ ಜೊತೆಗಿಟ್ಟಿದೀನಿ. ಶನಿವಾರ ಯಾರು ಸಿಗ್ತಾರೆ ಅಂತ ಶುಕ್ರವಾರ ಸಂಜೆಯೊಳಗೆ ಒಂದು ಮೆಸೇಜ್ ಹಾಕ್ಸಿ, ನನ್ನ ನಂಬರ್ ಜಾಬ್ ಕಾರ್ಡಲ್ಲೇ ಇದೆ.

ಇಂತಿ,
ಸವಿತಾ