ಎಂಟನೇ ತರಗತಿಯ ಪೋಷಕರ ಸಭೆ: ತರಗತಿ ಶಿಕ್ಷಕಿಯ ಆರಂಭದ ಮಾತು

ಎಲ್ಲರಿಗೂ ನಮಸ್ಕಾರ. ಬಾಗಿಲ ಬಳಿ ನಿಂತಿರುವವರು ದಯವಿಟ್ಟು ಒಳಗೆ ಬಂದು ಕುಳಿತುಕೊಳ್ಳಿ. ಬೆಂಚುಗಳು ಮಕ್ಕಳ ಅಳತೆಯವು, ಸ್ವಲ್ಪ ಹೊಂದಿಸಿಕೊಳ್ಳಬೇಕು. ರಾಗಿ ಕೊಯ್ಲು ಶುರುವಾಗುವ ಹೊತ್ತಿನಲ್ಲಿ ಸಭೆ ಕರೆದಿದ್ದೇವೆ. ಇಲ್ಲಿ ಕುಳಿತಿರುವ ಹಲವರಿಗೆ ಇಂದಿನ ಅರ್ಧ ದಿನದ ಕೂಲಿ ತಪ್ಪಿದೆ ಎಂಬುದು ನನಗೆ ಗೊತ್ತು. ಆದರೂ ನಮ್ಮ ತರಗತಿಯ 38 ಮಕ್ಕಳಲ್ಲಿ 31 ಮಕ್ಕಳ ಮನೆಯಿಂದ ಯಾರಾದರೊಬ್ಬರು ಬಂದಿದ್ದೀರಿ. ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳ ಅಜ್ಜಿಯರು ಬಂದಿದ್ದೀರಿ. ನಿಮ್ಮೆಲ್ಲರಿಗೂ ಮನಸ್ಸಿನಿಂದ ಧನ್ಯವಾದ ಹೇಳುತ್ತೇನೆ. ಬಾರದ ಏಳು ಮನೆಗಳಿಗೆ ಈ ವಾರ ನಾನೇ ಫೋನ್ ಮಾಡುತ್ತೇನೆ.

ನಾನು ನಿಮ್ಮ ಮಕ್ಕಳ ತರಗತಿ ಶಿಕ್ಷಕಿ, ಗಣಿತ ಪಾಠ ಮಾಡುತ್ತೇನೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಈ ಮೇಜಿನ ಮೇಲಿವೆ. ಅವನ್ನು ನಿಮ್ಮ ಕೈಗೆ ಕೊಡುವ ಮೊದಲು ಕೆಲವು ವಿಷಯ ಹೇಳಬೇಕಿದೆ. ಅಂಕ ಕಣ್ಣಿಗೆ ಬಿದ್ದ ಮೇಲೆ ಬೇರೆ ಮಾತು ಕಿವಿಗೆ ಬೀಳುವುದು ಕಷ್ಟ.

ನಿಮ್ಮ ಮಕ್ಕಳು ಸುತ್ತಲಿನ ನಾಲ್ಕೈದು ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಏಳನೇ ತರಗತಿ ಮುಗಿಸಿ ಜೂನ್‌ನಲ್ಲಿ ಇಲ್ಲಿಗೆ ಬಂದವರು. ಹೊಸ ಕಟ್ಟಡ, ಹೊಸ ಮುಖಗಳು, ವಿಷಯಕ್ಕೊಬ್ಬರು ಶಿಕ್ಷಕರು. ಮೊದಲ ಕೆಲವು ವಾರ ನಾವು ಹೊಸ ಪಾಠ ತೆಗೆಯುವುದಿಲ್ಲ, ಸೇತುಬಂಧ ನಡೆಸುತ್ತೇವೆ. ಹಿಂದಿನ ತರಗತಿಗಳಲ್ಲಿ ಕಲಿತದ್ದರಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂದು ಒಂದು ಪರೀಕ್ಷೆ ಮಾಡಿ ನೋಡಿಕೊಂಡು, ಬಿಟ್ಟುಹೋದದ್ದನ್ನು ಮತ್ತೆ ಕಲಿಸುವ ಕೆಲಸ ಅದು. ಆ ಪರೀಕ್ಷೆಯ ಹಾಳೆಗಳನ್ನು ನಾನು ಎಸೆದಿಲ್ಲ. ಇಂದು ಪ್ರತಿಯೊಂದು ಮಗುವಿನ ಅರ್ಧವಾರ್ಷಿಕ ಪತ್ರಿಕೆಯ ಜೊತೆ ಜೂನ್ ತಿಂಗಳ ಹಾಳೆಯನ್ನೂ ಪಿನ್ ಮಾಡಿ ಇಟ್ಟಿದ್ದೇನೆ. ನೀವು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು ಎಂಬುದು ನನ್ನ ಆಸೆ. ಪಕ್ಕದ ಮನೆಯ ಹುಡುಗನ ಅಂಕಕ್ಕೂ ನಿಮ್ಮ ಮಗಳ ಅಂಕಕ್ಕೂ ಇರುವ ಅಂತರದಿಂದ ನಿಮಗೆ ತಿಳಿಯುವುದು ಬಹಳ ಕಡಿಮೆ. ಜೂನ್‌ನಲ್ಲಿ ಅವಳು ಎಲ್ಲಿದ್ದಳು, ಈಗ ಎಲ್ಲಿದ್ದಾಳೆ ಎಂಬುದರಲ್ಲಿ ಅವಳು ಪಟ್ಟ ಶ್ರಮ ಕಾಣುತ್ತದೆ.

ಮೊದಲು ಸಂತೋಷದ ಸಂಗತಿ. ಜೂನ್‌ನಲ್ಲಿ ಕನ್ನಡ ಪಾಠದ ಒಂದು ಪುಟವನ್ನು ತಡವರಿಸದೆ ಓದಲಾಗದ ಮಕ್ಕಳು ಹನ್ನೊಂದು ಮಂದಿ ಇದ್ದರು. ಈಗ ಅವರಲ್ಲಿ ಎಂಟು ಮಂದಿ ಓದುತ್ತಾರೆ. ಇದರ ಹಿಂದೆ ಕನ್ನಡ ಮೇಷ್ಟ್ರು ಪ್ರತಿದಿನ ಪ್ರಾರ್ಥನೆಗೆ ಮೊದಲು ಕುಳಿತು ಓದಿಸಿದ ಶ್ರಮವಿದೆ, ಮಕ್ಕಳು ನಾಚಿಕೆ ಬಿಟ್ಟು ಬಂದು ಕುಳಿತದ್ದೂ ಇದೆ. ಹದಿಮೂರು ವರ್ಷದ ಮಗು ಸಹಪಾಠಿಗಳ ಎದುರು ಒತ್ತಕ್ಷರ ಕೂಡಿಸಿ ಓದುವುದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಆ ಮಕ್ಕಳ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ. ಅವರಲ್ಲಿ ಕೆಲವರ ಅಂಕ ಇನ್ನೂ ಕಡಿಮೆಯೇ ಇದೆ, ಅಂಕಪಟ್ಟಿಯಲ್ಲಿ ಬಿ ಶ್ರೇಣಿ ಎಂದೇ ಬರೆದಿದೆ. ಅದನ್ನು ನೋಡಿ ದಯವಿಟ್ಟು ಬೈಯಬೇಡಿ. ಈ ಐದು ತಿಂಗಳಲ್ಲಿ ತರಗತಿಯಲ್ಲಿ ಎಲ್ಲರಿಗಿಂತ ದೂರ ನಡೆದು ಬಂದವರು ಅವರೇ.

ಇನ್ನು ಕಷ್ಟದ ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ಗಣಿತ ಮತ್ತು ಇಂಗ್ಲಿಷ್‌ನಲ್ಲಿ ನಮ್ಮ ತರಗತಿ ಹಿಂದಿದೆ. ಗಣಿತದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 50ಕ್ಕಿಂತ ಕಡಿಮೆ ತೆಗೆದಿದ್ದಾರೆ. ‘ಪ್ರಶ್ನೆಪತ್ರಿಕೆ ಕಷ್ಟವಿತ್ತು’ ಎಂದು ಮಕ್ಕಳು ಮನೆಯಲ್ಲಿ ಹೇಳಿರಬಹುದು. ಪತ್ರಿಕೆ ಕಷ್ಟವಿರಲಿಲ್ಲ. ತೊಂದರೆ ಇರುವುದು ಎರಡು ಕಡೆ, ಎರಡನ್ನೂ ನಿಮಗೆ ತೋರಿಸುತ್ತೇನೆ.

ಕಪ್ಪುಹಲಗೆಯ ಮೇಲೆ ನಾನು ಬರೆದಿರುವ ಲೆಕ್ಕ ನೋಡಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಬೇಕು. ಮೇಲಿನ ಒಂದು ಮತ್ತು ಒಂದು ಕೂಡಿಸಿ ಎರಡು, ಕೆಳಗಿನ ಎರಡು ಮತ್ತು ಮೂರು ಕೂಡಿಸಿ ಐದು, ಉತ್ತರ ಐದನೇ ಎರಡು ಭಾಗ ಎಂದು ಬರೆದವರು ನಮ್ಮಲ್ಲಿ ಹದಿನಾಲ್ಕು ಮಂದಿ. ಅಂದರೆ ಅರ್ಧ ತೆಂಗಿನಕಾಯಿಗೆ ಇನ್ನಷ್ಟು ಕಾಯಿ ಸೇರಿಸಿದ ಮೇಲೆ ಅರ್ಧಕ್ಕಿಂತಲೂ ಕಡಿಮೆ ಉಳಿಯಿತು ಎಂದು ಅವರು ಬರೆದಿದ್ದಾರೆ! ಇದು ಎಂಟನೇ ತರಗತಿಯ ಪಾಠವಲ್ಲ, ಐದು ಆರನೇ ತರಗತಿಗಳಲ್ಲಿ ಗಟ್ಟಿಯಾಗಬೇಕಿದ್ದ ಭಿನ್ನರಾಶಿ. ಈ ಒಂದು ಸಡಿಲ ಕಲ್ಲನ್ನು ಹಾಗೇ ಬಿಟ್ಟರೆ ಮುಂದಿನ ಭಾಗಲಬ್ಧ ಸಂಖ್ಯೆಗಳು, ಸಮೀಕರಣಗಳು, ಹತ್ತನೇ ತರಗತಿಯ ತ್ರಿಕೋನಮಿತಿ, ಸಂಭವನೀಯತೆ ಎಲ್ಲವೂ ಅದರ ಮೇಲೆಯೇ ನಿಲ್ಲಬೇಕು. ಎಸ್‌ಎಸ್‌ಎಲ್‌ಸಿಗೆ ಇನ್ನೂ ಎರಡು ವರ್ಷವಿದೆ, ಸರಿಪಡಿಸಲು ಸಮಯ ಧಾರಾಳವಾಗಿದೆ. ಹತ್ತನೇ ತರಗತಿಯ ಜನವರಿಯಲ್ಲಿ ಇದನ್ನು ಸರಿಪಡಿಸಲು ಹೋದರೆ ಆಗುವುದಿಲ್ಲ. ಹಾಗಾಗಿ ಸೋಮವಾರದಿಂದ ವಾರಕ್ಕೆ ಮೂರು ದಿನ ಸಂಜೆ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಭಿನ್ನರಾಶಿಗಾಗಿಯೇ ತರಗತಿ ನಡೆಸುತ್ತೇನೆ. ಇದಕ್ಕೆ ಹಣವಿಲ್ಲ. ದೂರದ ಊರಿನ ಮಕ್ಕಳಿಗೆ ಬಸ್ಸು ತಪ್ಪಬಾರದೆಂದು ಮುಖ್ಯ ಶಿಕ್ಷಕರ ಜೊತೆ ಮಾತಾಡಿದ್ದೇನೆ. ಅವರಿಗೆ ಅದೇ ಪಾಠವನ್ನು ಬೆಳಗ್ಗೆ ಪ್ರಾರ್ಥನೆಗೆ ಮೊದಲು ಮಾಡುತ್ತೇನೆ.

ಎರಡನೆಯದು ನನಗೆ ಇದಕ್ಕಿಂತ ಮುಖ್ಯ. ಒಬ್ಬ ಹುಡುಗ, ಹೆಸರು ಹೇಳುವುದಿಲ್ಲ, ವಾಕ್ಯದಲ್ಲಿ ಕೊಟ್ಟಿದ್ದ ಲೆಕ್ಕಗಳನ್ನು ಒಂದನ್ನೂ ಮುಟ್ಟದೆ ಪತ್ರಿಕೆ ಖಾಲಿ ಬಿಟ್ಟಿದ್ದ. ಮರುದಿನ ಅವನನ್ನು ಕೂರಿಸಿಕೊಂಡು ಅದೇ ಲೆಕ್ಕವನ್ನು ನಾನು ಓದಿ ಹೇಳಿದೆ: ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು, ಇಬ್ಬರದೂ ಕೂಡಿದರೆ 48, ಮಗನ ವಯಸ್ಸೆಷ್ಟು? ಅವನು ಪೆನ್ನು ಕೂಡ ತೆಗೆಯಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಬೆರಳು ಮಡಚಿ ‘ಹನ್ನೆರಡು ಮೇಡಂ’ ಎಂದ. ‘ಹೇಗೆ?’ ಎಂದು ಕೇಳಿದೆ. ‘ಅಪ್ಪನದು ಮೂರು ಪಾಲು, ಮಗನದು ಒಂದು, ಒಟ್ಟು ನಾಲ್ಕು ಪಾಲಲ್ಲವೇ’ ಎಂದ. ಲೆಕ್ಕ ಅವನಿಗೆ ಚೆನ್ನಾಗಿಯೇ ಬರುತ್ತದೆ. ಬರದೇ ಇರುವುದು ನಾಲ್ಕು ಸಾಲು ಓದಿ, ಏನು ಕೇಳಿದ್ದಾರೆ ಎಂದು ಹಿಡಿಯುವುದು. ಇಂಥ ಮಕ್ಕಳು ಈ ತರಗತಿಯಲ್ಲಿ ಇನ್ನೂ ಹಲವರಿದ್ದಾರೆ. ಅವರನ್ನು ದಡ್ಡರೆಂದು ಮನೆಯಲ್ಲಿ ಯಾರಾದರೂ ಕರೆಯುತ್ತಿದ್ದರೆ ಇವತ್ತಿನಿಂದ ಆ ಮಾತನ್ನು ನಿಲ್ಲಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಮಕ್ಕಳು ಆ ಮಾತನ್ನು ನಂಬಿಬಿಡುತ್ತಾರೆ, ಆಮೇಲೆ ಪ್ರಯತ್ನವನ್ನೇ ಬಿಡುತ್ತಾರೆ.

‘ನಮಗೇ ಓದು ಬರುವುದಿಲ್ಲ, ಮನೆಯಲ್ಲಿ ನಾವೇನು ಹೇಳಿಕೊಡಲಿ’ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ. ಪಾಠ ಹೇಳಿಕೊಡುವುದು ನಮ್ಮ ಕೆಲಸ, ಅದನ್ನು ನಮಗೆ ಬಿಡಿ. ನಿಮ್ಮಿಂದ ಆಗುವುದು ಬೇರೆ ಇದೆ. ರಾತ್ರಿ ಅಡುಗೆ ಮಾಡುವಾಗಲೋ ಹಸುವಿಗೆ ಹುಲ್ಲು ಹಾಕಿ ಬಂದು ಕುಳಿತಾಗಲೋ ಮಗುವಿಗೆ ‘ಇವತ್ತಿನ ಪಾಠದಲ್ಲಿ ಒಂದು ಪುಟ ಗಟ್ಟಿಯಾಗಿ ಓದು, ಕೇಳೋಣ’ ಎನ್ನಿ. ಓದಿದ ಮೇಲೆ ‘ಇದರಲ್ಲಿ ಏನು ಹೇಳಿದ್ದಾರೆ, ನನಗೆ ನಿನ್ನ ಮಾತಿನಲ್ಲಿ ಹೇಳು’ ಎಂದು ಕೇಳಿ. ಅಷ್ಟೇ ಸಾಕು. ಕೇಳುವ ಅಜ್ಜಿಗೆ ಅಕ್ಷರ ಬರಬೇಕಾಗಿಲ್ಲ. ಅಜ್ಜಿಗೆ ಅರ್ಥವಾಗುವಂತೆ ಹೇಳಲು ಬಂದರೆ ಮಗುವಿಗೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ. ಆ ಹದಿನೈದು ನಿಮಿಷ ಟಿವಿ ಮತ್ತು ಮೊಬೈಲ್ ಎರಡೂ ಬಂದಾಗಿರಲಿ, ದೊಡ್ಡವರದ್ದೂ ಸೇರಿ.

ಹಾಜರಾತಿಯ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಕೊಯ್ಲು, ಒಕ್ಕಣೆಯ ಕಾಲದಲ್ಲಿ ಮನೆಯಲ್ಲಿ ಕೈ ಸಾಲದು, ನಾನೂ ರೈತರ ಮನೆಯಿಂದಲೇ ಬಂದವಳು. ಭಾನುವಾರ, ಶಾಲೆಗೆ ಮುಂಚೆ, ಸಂಜೆ ಮಕ್ಕಳು ಕೆಲಸಕ್ಕೆ ನೆರವಾಗಲಿ, ಅದರಿಂದ ಅವರಿಗೆ ಒಳ್ಳೆಯದೇ. ಆದರೆ ಶಾಲೆ ಬಿಡಿಸಿ ವಾರಗಟ್ಟಲೆ ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ಗಣಿತದಲ್ಲಿ ಒಂದು ವಾರ ತಪ್ಪಿದ ಮಗು ಮುಂದಿನ ವಾರ ತರಗತಿಯಲ್ಲಿ ಕುಳಿತಿದ್ದರೂ ಪಾಠದ ಹೊರಗೇ ಇರುತ್ತದೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಈ ತಿಂಗಳು ಹೆಚ್ಚಾಗಿದೆ. ತೀರಾ ಅನಿವಾರ್ಯವಾದರೆ ನನಗೆ ಮೊದಲೇ ಫೋನ್ ಮಾಡಿ, ಏನಾದರೂ ದಾರಿ ಹುಡುಕೋಣ.

ಕನ್ನಡಕದ ವಿಷಯ. ಆರೋಗ್ಯ ತಪಾಸಣೆಗೆ ಬಂದಿದ್ದ ವೈದ್ಯರ ತಂಡ ಮೂವರು ಮಕ್ಕಳಿಗೆ ಕಣ್ಣಿನ ಪರೀಕ್ಷೆ ಮಾಡಿಸಲು ಹೇಳಿ ಚೀಟಿ ಕೊಟ್ಟಿತ್ತು. ಇಬ್ಬರಿಗೆ ಇನ್ನೂ ಮಾಡಿಸಿಲ್ಲ, ಇಬ್ಬರೂ ಹುಡುಗಿಯರು. ಆ ಮನೆಯವರ ಜೊತೆ ಬೇರೆಯಾಗಿ ಮಾತಾಡುತ್ತೇನೆ. ಕನ್ನಡಕ ಹಾಕಿದರೆ ನಾಳೆ ಸಂಬಂಧ ನೋಡುವವರು ಏನೆನ್ನುತ್ತಾರೋ ಎಂಬ ಅಂಜಿಕೆ ಬೇಡ. ಹಲಗೆಯ ಮೇಲಿನ ಅಕ್ಷರ ಕಾಣದ ಮಗು ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದೆ. ಪರೀಕ್ಷೆಯಲ್ಲಿ ಪಕ್ಕದವಳ ನೋಟ್‌ಬುಕ್ ಇರುವುದಿಲ್ಲ.

ಇನ್ನೊಂದು ವಿಷಯಕ್ಕೆ ಎಲ್ಲರೂ ಗಮನ ಕೊಡಿ. ಎಂಟನೇ ತರಗತಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಬೌದ್ಧಿಕ ಸಾಮರ್ಥ್ಯಕ್ಕೆ 90 ಅಂಕ, ಪಠ್ಯ ವಿಷಯಗಳಿಗೆ 90 ಅಂಕ. ನಮ್ಮ ತರಗತಿಯ ಒಂಬತ್ತು ಮಕ್ಕಳು ಶನಿವಾರ ಮಧ್ಯಾಹ್ನ ಉಳಿದು ಅಭ್ಯಾಸ ಮಾಡುತ್ತಿದ್ದಾರೆ, ಅವರಲ್ಲಿ ಮೊದಲು ನಾನು ಹೇಳಿದ ಆ ಹುಡುಗನೂ ಇದ್ದಾನೆ. ಆದಾಯ ಮತ್ತು ಜಾತಿ ಪ್ರಮಾಣಪತ್ರ ಇಲ್ಲದವರು ಈ ವಾರವೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಮಗುವಿನ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಶಾಲಾ ದಾಖಲೆಯಲ್ಲಿ ಇನ್ನೊಂದು ಬಗೆ ಇದ್ದರೆ ಇಂದೇ ನನಗೆ ತಿಳಿಸಿ.

ಈಗ ಉತ್ತರ ಪತ್ರಿಕೆ ಕೊಡುತ್ತೇನೆ. ಮಕ್ಕಳು ಹೊರಗೆ ಜಗಲಿಯಲ್ಲಿದ್ದಾರೆ, ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯವರ ಪಕ್ಕ ಕುಳಿತು ಎರಡೂ ಹಾಳೆಗಳನ್ನು ತಾವೇ ತೋರಿಸುತ್ತಾರೆ. ಎಲ್ಲಿ ಸರಿಯಾಗಿದೆ, ಎಲ್ಲಿ ತಪ್ಪಿದೆ, ಮುಂದಿನ ಪರೀಕ್ಷೆಗೆ ಯಾವುದನ್ನು ಸರಿಪಡಿಸುತ್ತೇನೆ ಎಂದು ಅವರೇ ಹೇಳುತ್ತಾರೆ. ಅದಕ್ಕಾಗಿ ಎರಡು ದಿನದಿಂದ ತಯಾರಾಗಿದ್ದಾರೆ, ಮಧ್ಯದಲ್ಲಿ ತಡೆಯದೆ ಪೂರ್ತಿ ಕೇಳಿ. ನನ್ನ ಬಗ್ಗೆ, ಪಾಠದ ಬಗ್ಗೆ ಏನಾದರೂ ದೂರಿದ್ದರೆ ಸಂಕೋಚವಿಲ್ಲದೆ ಹೇಳಿ, ಬರೆದುಕೊಳ್ಳುತ್ತೇನೆ. ಒಂದು ಗಂಟೆಯ ಬಸ್ಸಿಗೆ ಹೋಗುವವರು ಮೊದಲು ಈ ಕಡೆಯ ಬೆಂಚಿಗೆ ಬನ್ನಿ.