ವಿಷಯ: 2027ರ ಪಿಎಚ್‌ಡಿ – ಸೊಪ್ಪಿನ ಬೆಟ್ಟದ ಮಣ್ಣು, ಬೇರು ಮತ್ತು ಇಂಗಾಲ

ನಮಸ್ಕಾರ ಮೇಡಂ,

ನೀವು ಸಾಗರದ ಕಡೆಯವರೆಂದು ತಿಳಿದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಹೋದ ವರ್ಷದ ಎರಡೂ ಪ್ರಬಂಧ ಓದಿದೆ. ಸೊಪ್ಪು ಕಡಿದು ತರಗು ಬೀಳುವುದು ಕಡಿಮೆಯಾದರೂ ಮಣ್ಣಿನ ಇಂಗಾಲ ಕೂಡಲೇ ಕುಸಿಯುವುದಿಲ್ಲ ಅಂತ ತೋರಿಸಿದ್ದೀರಿ. ಬೇರಿನ ಪಾಲು ಇನ್ನೂ ಅಳೆದಿಲ್ಲ ಅಂತಲೂ ಬರೆದಿದ್ದೀರಿ. ನನ್ನ ಆಸಕ್ತಿ ಇರುವುದು ಅಲ್ಲೇ.

ಎಂಎಸ್ಸಿಗೆ ಶಿರಸಿಯ ಅಡಿಕೆ ತೋಟಗಳ ಸೊಪ್ಪಿನ ಬೆಟ್ಟಗಳಲ್ಲಿ ಕೆಲಸ ಮಾಡಿದೆ. ವರ್ಷವೂ ಸೊಪ್ಪು ಕಡಿಯುವ ಬೆಟ್ಟ, ಕಡಿಯದೆ ಬಿಟ್ಟ ಬೆಟ್ಟ, ಎರಡರ ಮಣ್ಣಿನ ಇಂಗಾಲವನ್ನೂ ಅಳೆದೆ. ಮೇಲಿನ 10 ಸೆಂ.ಮೀ.ನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, 30ರ ಕೆಳಗೆ ಇಲ್ಲವೇ ಇಲ್ಲ. ಆಳದ ಬೇರುಗಳು ಕಾರಣವೇ? ಇದನ್ನು ನಿಮ್ಮ ಮಾರ್ಗದರ್ಶನದಲ್ಲಿ ಹುಡುಕುವ ಆಸೆ. 2027ಕ್ಕೆ ವಿದ್ಯಾರ್ಥಿಗಳನ್ನು ತಗೊಳ್ತಿದ್ದೀರಾ? ಸಿವಿ, ಎಂಎಸ್ಸಿ ಪ್ರಬಂಧ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ಸಹನಾ, ಶಿರಸಿ